ಆವಿಯಾಗಿ ಹೋದ 32 ಗ್ರಾಂ: ಬ್ರೌನ್ ಬಟರ್ ಕುಕೀಸ್‌ನ ಒಂದು ಪ್ರಕರಣ

ಒಂದು ಸಂಜೆ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಹಿಟ್ಟು ಕೂಡ್ಕೊಳ್ತಾನೇ ಇಲ್ಲ. ಉಂಡೆ ಕಟ್ಟಿದ್ರೆ ಬಿರುಕು ಬಿಡುತ್ತೆ. ಯಾವಾಗ್ಲೂ ಹಾಕೋ ಅಳತೆನೇ ಹಾಕಿದ್ದೀನಿ. ಬೆಣ್ಣೆ ಮಾತ್ರ ಕೆಂಪಗೆ ಕಾಯಿಸಿ ಹಾಕಿದೆ, ಅಷ್ಟೇ."

ಆ "ಅಷ್ಟೇ" ಅನ್ನೋ ಮಾತಿನಲ್ಲೇ ಉತ್ತರ ಇತ್ತು. ಆದರೆ ಅದನ್ನು ಸರಿಯಾಗಿ ಬಿಡಿಸಿ ನೋಡೋಕೆ ನಮಗೆ ಮೂರು ವಾರ ಹಿಡಿಯಿತು. ನಾಲ್ಕು ಸಲ ಕುಕೀಸ್ ಮಾಡಿದೆವು, ಮೂರು ಸಲ ಬ್ಲಾಂಡಿ, ಅಂದರೆ ಕೋಕೋ ಇಲ್ಲದ ಬ್ರೌನಿ, ಮಾಡಿದೆವು. ಪ್ರತಿ ಸಲ ಒಂದೇ ಒಂದು ವಿಷಯ ಬದಲಾಯಿಸಿ ನೋಡಿದೆವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಮೂಲ ಕುಕಿ ಹೀಗಿತ್ತು. ಮೆತ್ತಗಿನ ಬೆಣ್ಣೆ 200 ಗ್ರಾಂ, ಬ್ರೌನ್ ಶುಗರ್ 160 ಗ್ರಾಂ, ಬಿಳಿ ಸಕ್ಕರೆ 100 ಗ್ರಾಂ. ಒಂದು ಇಡೀ ಮೊಟ್ಟೆ, ಜೊತೆಗೆ ಇನ್ನೊಂದು ಮೊಟ್ಟೆಯ ಹಳದಿ. ಮೈದಾ 270 ಗ್ರಾಂ, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಉಪ್ಪು, ವೆನಿಲಾ, ಚಾಕೊಲೇಟ್ ಚೂರು 180 ಗ್ರಾಂ. ಬೆಣ್ಣೆ ಮತ್ತು ಸಕ್ಕರೆಯನ್ನು ಬೀಟರ್‌ನಲ್ಲಿ ಹಗುರಾಗುವವರೆಗೆ ತಿರುಗಿಸಿ, ಮೊಟ್ಟೆ ಸೇರಿಸಿ, ಮೈದಾ ಬೆರೆಸಿ, 50 ಗ್ರಾಂನ ಉಂಡೆ ಕಟ್ಟಿ, 175 ಡಿಗ್ರಿಯಲ್ಲಿ 12 ನಿಮಿಷ ಬೇಯಿಸುತ್ತಿದ್ದಳು. ಅಂಚು ಗರಿಗರಿ, ನಡುವೆ ಮೆತ್ತಗೆ. ಒಂದು ಕುಕಿ ಸುಮಾರು 8.5 ಸೆಂಟಿಮೀಟರ್ ಅಗಲ ಬರುತ್ತಿತ್ತು. ಈ ಪಾಕದಲ್ಲಿ ತಪ್ಪೇನೂ ಇರಲಿಲ್ಲ.

ಅವಳಿಗೆ ಬೇಕಾಗಿದ್ದು ಆ ಹುರಿದ ಘಮ ಮಾತ್ರ. ಹೀಗೆ ಕೆಂಪಗೆ ಕಾಯಿಸಿದ ಬೆಣ್ಣೆಯೇ ಬ್ರೌನ್ ಬಟರ್, ಫ್ರೆಂಚರು ಅದಕ್ಕೆ "ಬರ್ ನ್ವಾಜೆಟ್" ಅನ್ನುತ್ತಾರೆ. ನ್ವಾಜೆಟ್ ಅಂದರೆ ಹೇಝಲ್‌ನಟ್. ಬೆಣ್ಣೆಗೆ ಒಂದೇ ಒಂದು ಬೀಜವನ್ನೂ ಹಾಕದೆ ಬೀಜ ಹುರಿದ ಪರಿಮಳ ಬರುತ್ತೆ. ಅದನ್ನು ಒಮ್ಮೆ ಮೂಸಿದವರಿಗೆ ಮಾಮೂಲಿ ಕುಕಿ ಸ್ವಲ್ಪ ಸಪ್ಪೆ ಅನ್ನಿಸುತ್ತೆ, ನಿಜ.

ಮೊದಲ ಸಲ: ಅಷ್ಟೇ ಬೆಣ್ಣೆ, ಕಾಯಿಸಿ

ಅವಳು 200 ಗ್ರಾಂ ಬೆಣ್ಣೆಯನ್ನು ಕೆಂಪಗೆ ಕಾಯಿಸಿ, ಉಗುರುಬೆಚ್ಚಗೆ ಆದ ಮೇಲೆ ಸಕ್ಕರೆಗೆ ಸುರಿದಿದ್ದಳು. ಉಳಿದಿದ್ದೆಲ್ಲ ಹಾಗೇ. ಹಿಟ್ಟು ಮರಳಿನ ಹಾಗೆ ಉದುರಾಯಿತು. ಮುಷ್ಟಿಯಲ್ಲಿ ಹಿಡಿದರೆ ನಿಲ್ಲುತ್ತೆ, ಹೆಬ್ಬೆರಳಿನಿಂದ ಒತ್ತಿದರೆ ಅಂಚು ಸೀಳುತ್ತೆ. ಬೇಯಿಸಿದ ಮೇಲೆ ಕುಕೀಸ್ ಹರಡಲಿಲ್ಲ. 6.5 ಸೆಂಟಿಮೀಟರ್ ಅಗಲದ ಗುಡ್ಡೆಗಳಾಗಿ ಕೂತವು. ಘಮ ಚೆನ್ನಾಗಿತ್ತು, ಆದರೆ ಬಾಯಲ್ಲಿ ಸಕ್ಕರೆ ಕಾಳು ಕರಕರ ಅನ್ನುತ್ತಿತ್ತು. ಮರುದಿನ ಮುರಿದರೆ ಪುಡಿ ಪುಡಿ.

ಬೆಣ್ಣೆ ಅಂದರೆ ಪೂರ್ತಿ ಕೊಬ್ಬು ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಹಾಗಲ್ಲ. ಅವಳ ಬೆಣ್ಣೆಯ ಪ್ಯಾಕೆಟ್ ಮೇಲೆ ಕೊಬ್ಬು 82 ಶೇಕಡ ಅಂತ ಇತ್ತು. ಉಳಿದದ್ದರಲ್ಲಿ ಸುಮಾರು 16 ಪಾಲು ನೀರು, 2 ಪಾಲು ಹಾಲಿನ ಅಂಶ, ಅಂದರೆ ಹಾಲಿನ ಪ್ರೋಟೀನ್ ಮತ್ತು ಹಾಲಿನ ಸಕ್ಕರೆ. ಹಾಗಾಗಿ 200 ಗ್ರಾಂ ಬೆಣ್ಣೆಯಲ್ಲಿ 164 ಗ್ರಾಂ ಕೊಬ್ಬು, 32 ಗ್ರಾಂ ನೀರು, 4 ಗ್ರಾಂ ಹಾಲಿನ ಅಂಶ. ಬೆಣ್ಣೆ ಕೆಂಪಗಾಗಬೇಕಾದರೆ ಆ ನೀರು ಮೊದಲು ಹೋಗಲೇಬೇಕು. ನೀರು ಇರುವವರೆಗೆ ಬೆಣ್ಣೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತೆ. ಆ ಬಿಸಿಯಲ್ಲಿ ಹಾಲಿನ ಅಂಶ ಬೇಗ ಕೆಂಪಾಗುವುದಿಲ್ಲ. ನೀರೆಲ್ಲ ಆವಿಯಾದ ಮೇಲೆ ಬಿಸಿ ಸರ್ರನೆ ಏರುತ್ತೆ. 120 ದಾಟಿದ ಮೇಲೆ ಹಾಲಿನ ಪ್ರೋಟೀನೂ ಹಾಲಿನ ಸಕ್ಕರೆಯೂ ಕೂಡಿ ಬಣ್ಣ ಮತ್ತು ಘಮ ಎರಡನ್ನೂ ಕೊಡುತ್ತವೆ. ಬ್ರೆಡ್ಡಿನ ಮೇಲ್ಪದರ ಕೆಂಪಾಗುವುದೂ ಇದೇ ಮೈಲಾರ್ಡ್ ಕ್ರಿಯೆಯಿಂದ.

ಅಂದರೆ ಘಮ ಬಂತು ಅಂದರೆ ನೀರು ಹೋಯಿತು ಅಂತಲೇ ಅರ್ಥ. ಎರಡನ್ನೂ ಉಳಿಸಿಕೊಳ್ಳೋಕೆ ಆಗಲ್ಲ.

"32 ಗ್ರಾಂ ಅಂದ್ರೆ ಎರಡು ದೊಡ್ಡ ಚಮಚ ನೀರು ತಾನೇ? ಅಷ್ಟಕ್ಕೇ ಇಷ್ಟು ಕೆಡುತ್ತಾ?" ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ ಅದು. ಉತ್ತರ ಸಿಗೋದು ಆ ಹಿಟ್ಟಿನಲ್ಲಿ ಒಟ್ಟು ನೀರು ಎಷ್ಟಿತ್ತು ಅಂತ ನೋಡಿದಾಗ. ಸಿಪ್ಪೆ ತೆಗೆದ ಒಂದು ಮೊಟ್ಟೆ 50 ಗ್ರಾಂ, ಅದರಲ್ಲಿ ನೀರು ಸುಮಾರು 38. ಹಳದಿಯಲ್ಲಿ ಅರ್ಧದಷ್ಟು ನೀರು, ಅಂದರೆ 9 ಗ್ರಾಂ. ಬೆಣ್ಣೆಯಿಂದ 32. ಒಟ್ಟು 79 ಗ್ರಾಂ. ಅದರಲ್ಲಿ 32 ತೆಗೆದುಬಿಟ್ಟರೆ ನೂರಕ್ಕೆ ನಲವತ್ತು ಪಾಲು ನೀರು ಮಾಯ! 270 ಗ್ರಾಂ ಮೈದಾ ಮತ್ತು 260 ಗ್ರಾಂ ಸಕ್ಕರೆ, ಎರಡೂ ಉಳಿದ 47 ಗ್ರಾಂ ನೀರಿಗೆ ಕಿತ್ತಾಡಬೇಕು. ಸಕ್ಕರೆ ಪೂರ್ತಿ ಕರಗಲ್ಲ, ಅದಕ್ಕೇ ಕರಕರ. ಕರಗಿದ ಸಕ್ಕರೆಯ ಪಾಕ ಕಡಿಮೆ ಇದ್ದರೆ ಓವನ್ ಬಿಸಿಯಲ್ಲಿ ಕುಕಿ ಹರಿಯುವುದೂ ಕಡಿಮೆ. ಮೈದಾ ನೆನೆಯಲ್ಲ, ಅದಕ್ಕೇ ಬಿರುಕು.

ಇನ್ನೊಂದು ವಿಷಯವೂ ಸೇರಿಕೊಂಡಿತ್ತು. ಬೆಣ್ಣೆ ದ್ರವವಾಗಿದ್ದಾಗ ಅದು ಮೈದಾದ ಕಣಗಳಿಗೆ ಬೇಗ ಸವರಿಕೊಳ್ಳುತ್ತೆ. ಎಣ್ಣೆ ಸವರಿದ ಮೈದಾಗೆ ಇರುವ ಸ್ವಲ್ಪ ನೀರು ಕೂಡ ಸುಲಭವಾಗಿ ಸೇರಲ್ಲ.

ಎರಡನೇ ಸಲ: ತೂಕ ಸರಿಮಾಡಲು ಹೋಗಿ

ಇಲ್ಲಿ ತಪ್ಪಿದ್ದು ನಾನು. ಅವಳಿಗೆ ಸಲಹೆ ಕೊಟ್ಟವಳು ನಾನೇ. "ಬೆಣ್ಣೆ ಜಾಸ್ತಿ ತಗೊಂಡು ಕಾಯಿಸು. ಕಾಯಿಸಿದ ಮೇಲೆ 200 ಗ್ರಾಂ ಇರೋ ಹಾಗೆ ನೋಡ್ಕೋ" ಅಂದೆ. ಪಾಕದಲ್ಲಿ 200 ಅಂತ ಇದೆ, 200 ಸಿಕ್ಕರೆ ಸರಿಹೋಗುತ್ತೆ ಅಂತ ಆ ಕ್ಷಣಕ್ಕೆ ಅನ್ನಿಸಿತ್ತು.

ಅವಳು 240 ಗ್ರಾಂ ಬೆಣ್ಣೆ ಕಾಯಿಸಿದಳು. ಇಳಿಸಿದಾಗ 200ರ ಹತ್ತಿರ ಬಂತು. ಹಿಟ್ಟು ಈ ಸಲ ಉದುರಾಗಲಿಲ್ಲ, ಹೊಳೆಯುತ್ತಿತ್ತು. ಬಟ್ಟಲಿನ ಅಂಚಿನಲ್ಲಿ ಎಣ್ಣೆ ಬಿಡುತ್ತಿತ್ತು. ಕೈಗೆ ಜಿಡ್ಡು ಹತ್ತುತ್ತಿತ್ತು. ಓವನ್‌ನಲ್ಲಿ ಕುಕೀಸ್ ಹರಡಿ 10.5 ಸೆಂಟಿಮೀಟರ್ ಆದವು. ತೆಳ್ಳಗೆ, ಅಂಚು ಕಪ್ಪಗೆ, ಕೆಳಗಿಟ್ಟ ಬೇಕಿಂಗ್ ಪೇಪರ್ ಪೂರ್ತಿ ಎಣ್ಣೆ ಕುಡಿದು ಪಾರದರ್ಶಕ ಆಗಿತ್ತು. ಸಕ್ಕರೆಯ ಕರಕರ ಮಾತ್ರ ಹಾಗೇ ಉಳಿದಿತ್ತು.

ಆ ಕರಕರ ನಮಗೆ ಒಳ್ಳೆಯ ಸುಳಿವು ಕೊಟ್ಟಿತು. ಕುಕಿ ಹರಡಿದೆ, ಮೆತ್ತಗೂ ಇದೆ, ಆದರೂ ಸಕ್ಕರೆ ಕರಗಿಲ್ಲ. ಹಾಗಿದ್ದರೆ ನೀರು ಇನ್ನೂ ಕಡಿಮೆಯೇ ಇದೆ. ಲೆಕ್ಕ ಹಾಕಿದೆವು. 240 ಗ್ರಾಂ ಬೆಣ್ಣೆಯಲ್ಲಿ ಕೊಬ್ಬು ಸುಮಾರು 197 ಗ್ರಾಂ. ಮೂಲ ಪಾಕದಲ್ಲಿ ಇದ್ದದ್ದು 164. ಅಂದರೆ ಹೋದ 32 ಗ್ರಾಂ ನೀರಿನ ಜಾಗಕ್ಕೆ ನಾವು 33 ಗ್ರಾಂ ಕೊಬ್ಬು ತುಂಬಿದ್ದೆವು. ತಕ್ಕಡಿಯ ಅಂಕೆ ಸರಿಯಾಗಿತ್ತು, ಒಳಗಿರುವುದು ಬೇರೆ ಆಗಿತ್ತು.

ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಕೆಲವು ಪಾಕಗಳನ್ನು ಬರೆದವರೇ ಬ್ರೌನ್ ಬಟರ್‌ಗಾಗಿ ಅಳತೆ ಹೊಂದಿಸಿರುತ್ತಾರೆ. ಅಂಥ ಕಡೆ ಅವರು ಹೇಳಿದ ಹಾಗೇ ಮಾಡಬೇಕು. ನಾನು ಹೇಳುತ್ತಿರುವುದು ಮಾಮೂಲಿ ಬೆಣ್ಣೆಯ ಪಾಕವನ್ನು ನಾವೇ ಬ್ರೌನ್ ಬಟರ್‌ಗೆ ಬದಲಾಯಿಸುವಾಗಿನ ಮಾತು. ಆಗ ಕೊಬ್ಬು ಮೊದಲಿನಷ್ಟೇ ಇರಬೇಕು, ನೀರೂ ಮೊದಲಿನಷ್ಟೇ ಇರಬೇಕು. ಬೆಣ್ಣೆ 200 ಗ್ರಾಂ ಮಾತ್ರ ಕಾಯಿಸಿ, ಹೋದದ್ದನ್ನು ನೀರಾಗಿಯೇ ವಾಪಸ್ ಕೊಡಬೇಕು.

ಪಾತ್ರೆ ಸಮೇತ ತೂಗುವುದು

ಎಷ್ಟು ನೀರು ಹೋಯಿತು ಅಂತ ತಿಳಿಯೋದು ಹೇಗೆ? 16 ಶೇಕಡ ಅನ್ನೋದು ಅಂದಾಜು. ಬೆಣ್ಣೆಯಿಂದ ಬೆಣ್ಣೆಗೆ ನೀರು ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ. ಬೇಗ ಇಳಿಸಿದರೆ ಸ್ವಲ್ಪ ನೀರು ಒಳಗೇ ಉಳಿದಿರುತ್ತೆ. ಕಾಯಿಸಿದ ಬೆಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿ ತೂಗಿದರೂ ಸರಿಯಾದ ಲೆಕ್ಕ ಸಿಗಲ್ಲ. ನಾವು ಹಾಗೆ ಮಾಡಿದಾಗ 162 ಗ್ರಾಂ ಬಂತು, ಅಂದರೆ 38 ಗ್ರಾಂ ನಷ್ಟ. ಅಷ್ಟೂ ನೀರಾ? ಇಲ್ಲ. ಆರು ಗ್ರಾಂ ಬೆಣ್ಣೆ ಪಾತ್ರೆಗೇ ಅಂಟಿಕೊಂಡಿತ್ತು.

ಅದಕ್ಕೆ ಪಾತ್ರೆ ಸಮೇತ ತೂಗಬೇಕು. ಅವಳ ಸ್ಟೀಲ್ ಪಾತ್ರೆ 640 ಗ್ರಾಂ. ಬೆಣ್ಣೆ ಹಾಕಿದಾಗ 840. ಕೆಂಪಗಾದ ಮೇಲೆ ಒಲೆಯಿಂದ ಇಳಿಸಿ, ತಕ್ಕಡಿಯ ಮೇಲೆ ದಪ್ಪ ಬಟ್ಟೆಯೋ ಮರದ ಹಲಗೆಯೋ ಇಟ್ಟು ಸೊನ್ನೆ ಮಾಡಿ, ಅದರ ಮೇಲೆ ಪಾತ್ರೆ ಇಟ್ಟು ನೋಡಿದೆವು. 808. ಪಾತ್ರೆಗೆ ಏನೇ ಅಂಟಿದ್ದರೂ ಅದು ಪಾತ್ರೆಯಲ್ಲೇ ಇದೆ. ಹೋದದ್ದು 32 ಗ್ರಾಂ, ಹೆಚ್ಚುಕಡಿಮೆ ಅಷ್ಟೂ ನೀರು. ಸಿಡಿದು ಹೊರಗೆ ಬಿದ್ದ ಒಂದೆರಡು ಹನಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಬಿಸಿ ಪಾತ್ರೆಯನ್ನು ನೇರವಾಗಿ ತಕ್ಕಡಿ ಮೇಲೆ ಇಡಬೇಡಿ. ತಕ್ಕಡಿ ಹಾಳಾಗುತ್ತೆ, ಅಂಕೆಯೂ ತಪ್ಪು ತೋರಿಸಬಹುದು. ತೂಗುವ ಕೆಲಸ ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಯಾಕೆಂದರೆ ಒಲೆ ಆರಿಸಿದರೂ ಬಿಸಿ ಪಾತ್ರೆ ಬೆಣ್ಣೆಯನ್ನು ಕಾಯಿಸುತ್ತಲೇ ಇರುತ್ತೆ. ತೂಗಿದ ತಕ್ಷಣ ಬಟ್ಟಲಿಗೆ ಸುರಿಯಬೇಕು.

ಹಾಗೆ ಸುರಿಯುವಾಗ ತಳದ ಗಸಿಯನ್ನು ಬಿಡಬಾರದು. ಇದನ್ನು ಅವಳಿಗೆ ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಅವಳು ಆ ಕೆಂಪು ಗಸಿಯನ್ನು ಸೀದದ್ದು ಅಂದುಕೊಂಡು ಸೋಸಿ ಎಸೆದಿದ್ದಳಂತೆ. ಆ ಗಸಿಯೇ ಹಾಲಿನ ಅಂಶ. 200 ಗ್ರಾಂ ಬೆಣ್ಣೆಯಲ್ಲಿ ಅದು ಇರುವುದೇ ನಾಲ್ಕು ಗ್ರಾಂ. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಘಮದ ದೊಡ್ಡ ಪಾಲು ಅದರಲ್ಲಿದೆ. ಸ್ಪ್ಯಾಚುಲಾದಿಂದ ಕೆರೆದು ಕೆರೆದು ತೆಗೆಯಬೇಕು.

ಒಲೆಯ ಮುಂದೆ

ಕಾಯಿಸುವ ಹದದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೀರಿನ ಲೆಕ್ಕ ಎಷ್ಟೇ ಸರಿಯಿದ್ದರೂ ಇಲ್ಲಿ ತಪ್ಪಿದರೆ ಕುಕಿಗೆ ಕಮರು ವಾಸನೆ ಬರುತ್ತೆ.

ತಳ ಬೆಳ್ಳಗಿರುವ ಪಾತ್ರೆ ಬೇಕು, ಸ್ಟೀಲ್ ಆದರೆ ಒಳ್ಳೆಯದು. ಕಪ್ಪು ನಾನ್‌ಸ್ಟಿಕ್ ಪಾತ್ರೆಯಲ್ಲಿ ಬಣ್ಣ ಕಾಣಲ್ಲ. ಬೆಣ್ಣೆಯನ್ನು ಒಂದೇ ಗಾತ್ರದ ತುಂಡು ಮಾಡಿ ಹಾಕಿ, ಮಧ್ಯಮ ಉರಿಯಲ್ಲಿ ಕರಗಿಸಬೇಕು. ಕರಗಿದ ಮೇಲೆ ದೊಡ್ಡ ಗುಳ್ಳೆಗಳು ಎದ್ದು ಚಟಪಟ ಶಬ್ದ ಶುರುವಾಗುತ್ತೆ. ಅದು ನೀರು ಹೊರಡುವ ಶಬ್ದ. ಈ ಹಂತದಲ್ಲಿ ಅವಸರ ಬೇಡ, ಹೆದರುವುದೂ ಬೇಡ, ಇಲ್ಲಿ ಬೆಣ್ಣೆ ಸೀಯೋದಿಲ್ಲ. ಕೆಲವು ನಿಮಿಷದ ಮೇಲೆ ಶಬ್ದ ಇಳಿಯುತ್ತೆ. ಕಿವಿಗೊಟ್ಟು ಕೇಳಿದರೆ ಆ ಮೌನ ಸ್ಪಷ್ಟವಾಗಿ ಗೊತ್ತಾಗುತ್ತೆ. ನನ್ನ ಮಟ್ಟಿಗೆ ಥರ್ಮಾಮೀಟರ್‌ಗಿಂತ ನಂಬಿಕೆಯ ಗುರುತು ಅದು. ಶಬ್ದ ನಿಂತಿತು ಅಂದರೆ ನೀರು ಮುಗಿಯಿತು, ಇನ್ನು ಬಿಸಿ ಏರುತ್ತೆ. ಆಗಲೇ ಉರಿ ಸಣ್ಣ ಮಾಡಬೇಕು, ಕೈ ಆಡಿಸುತ್ತಲೇ ಇರಬೇಕು.

ಆಮೇಲೆ ಎರಡನೇ ನೊರೆ ಏಳುತ್ತೆ. ಇದು ನುಣ್ಣಗಿನ, ಒತ್ತಾದ ನೊರೆ. ಇದು ತಳದ ಬಣ್ಣವನ್ನು ಮುಚ್ಚಿಬಿಡುತ್ತೆ, ಬಹಳ ಜನ ಮೋಸ ಹೋಗುವುದು ಇಲ್ಲೇ. ಚಮಚದಿಂದ ನೊರೆ ಸರಿಸಿ ತಳ ನೋಡಬೇಕು. ಗಸಿ ಮೊದಲು ಹಳದಿ, ಆಮೇಲೆ ಹೊಂಬಣ್ಣ, ಆಮೇಲೆ ಹೇಝಲ್‌ನಟ್ ಸಿಪ್ಪೆಯ ಕಂದು ಬಣ್ಣಕ್ಕೆ ತಿರುಗುತ್ತೆ. 140ರಿಂದ 150 ಡಿಗ್ರಿ ಹೊತ್ತಿಗೆ ಆ ಬಣ್ಣ ಬಂದಿರುತ್ತೆ. ಹೊಂಬಣ್ಣದಿಂದ ಕಂದಿಗೆ ಒಂದು ನಿಮಿಷ ಹಿಡಿದರೆ, ಕಂದಿನಿಂದ ಕಪ್ಪಿಗೆ ಅಷ್ಟೂ ಬೇಕಾಗಲ್ಲ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ಇಳಿಸೋದು ಸರಿ. ಕಪ್ಪು ಚುಕ್ಕೆ ಬಂದು, ಮೂಗಿಗೆ ಚುಚ್ಚುವ ವಾಸನೆ ಬಂದರೆ ಅದನ್ನು ಸೋಸಿ ಉಳಿಸೋಕೆ ಹೋಗಬೇಡಿ. ಆ ಕಹಿ ಕೊಬ್ಬಿಗೂ ಇಳಿದಿರುತ್ತೆ.

ಉಪ್ಪಿನ ಬೆಣ್ಣೆ ಬಳಸಿದರೆ ಉಪ್ಪು ಆವಿಯಾಗಲ್ಲ, ಅಷ್ಟೂ ಗಸಿಯ ಜೊತೆ ತಳದಲ್ಲಿ ಉಳಿಯುತ್ತೆ. ಪಾಕದ ಉಪ್ಪನ್ನು ಅದಕ್ಕೆ ತಕ್ಕ ಹಾಗೆ ಕಡಿಮೆ ಮಾಡಿದರೆ ಸಾಕು.

ಮೂರನೇ ಸಲ: ನೀರು ವಾಪಸ್

ಈಗ 32 ಗ್ರಾಂ ನೀರನ್ನು ಎಲ್ಲಿ, ಯಾವಾಗ ಸೇರಿಸೋದು ಅನ್ನೋ ಪ್ರಶ್ನೆ. ಅವಳ ಮೊದಲ ಯೋಚನೆ ಬಿಸಿ ಬೆಣ್ಣೆಗೇ ನೀರು ಸುರಿಯೋದಾಗಿತ್ತು. ಖಂಡಿತ ಬೇಡ. 140 ಡಿಗ್ರಿ ಇರುವ ಕೊಬ್ಬಿಗೆ ನೀರು ಬಿದ್ದರೆ ಅದು ತಕ್ಷಣ ಆವಿಯಾಗಿ ಬಿಸಿ ಬೆಣ್ಣೆಯನ್ನು ಮುಖಕ್ಕೆ ಎರಚುತ್ತೆ. ಸುಟ್ಟಗಾಯ ಆಗೋದು ಒಂದು, ಹಾಕಿದ ನೀರೂ ಅಲ್ಲೇ ಆವಿಯಾಗಿ ಲೆಕ್ಕ ಮತ್ತೆ ತಪ್ಪೋದು ಇನ್ನೊಂದು.

ಕೆಲವರು ಬೆಣ್ಣೆ ಆರಿದ ಮೇಲೆ ಅಷ್ಟೇ ತೂಕದ ಐಸ್ ತುಂಡು ಹಾಕುತ್ತಾರೆ. ಬೆಣ್ಣೆ ಬೇಗ ತಣ್ಣಗಾಗುತ್ತೆ, ನೀರೂ ಸೇರುತ್ತೆ. ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ಆರಿದ್ದರೆ ಇದು ಒಳ್ಳೆಯ ಉಪಾಯವೇ. ಆದರೂ ನನಗೆ ಇಷ್ಟವಾದದ್ದು ಬೇರೆ ದಾರಿ. ಬೆಣ್ಣೆಗೆ ಹಾಕಿದ ನೀರು ಬೆಣ್ಣೆಯ ಜೊತೆ ಬೆರೆಯಲ್ಲ, ತಳದಲ್ಲಿ ಬೇರೆಯೇ ನಿಲ್ಲುತ್ತೆ. ಮೂಲ ಬೆಣ್ಣೆಯಲ್ಲಿ ನೀರು ಸಣ್ಣ ಸಣ್ಣ ಹನಿಗಳಾಗಿ ಕೊಬ್ಬಿನೊಳಗೆ ಹಂಚಿಕೊಂಡಿತ್ತು. ಕಾಯಿಸಿದ ಮೇಲೆ ಆ ಕಟ್ಟು ಹೋಯಿತು, ಸುಮ್ನೆ ಕಲಕಿದರೆ ವಾಪಸ್ ಬರಲ್ಲ. ಹಾಗಾಗಿ ನೀರನ್ನು ಮೊಟ್ಟೆ ಮತ್ತು ಸಕ್ಕರೆಗೆ ಕೊಡೋದೇ ಮೇಲು. ನೀರು ಹೆಚ್ಚು ಬೇಕಾಗಿರುವುದು ಸಕ್ಕರೆಗೆ. ಜೊತೆಗೆ ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಕೊಬ್ಬು ಮತ್ತು ನೀರನ್ನು ಹಿಡಿದಿಡುತ್ತೆ.

ಅವಳು ಮಾಡಿದ್ದು ಹೀಗೆ. ಬ್ರೌನ್ ಬಟರ್ ಅನ್ನು ಫ್ರಿಜ್‌ನಲ್ಲಿಟ್ಟು, ಆಗಾಗ ಕಲಕಿ, ಮುಲಾಮಿನ ಹದಕ್ಕೆ ತಂದಳು. ಕಲಕುತ್ತಿರಬೇಕು, ಇಲ್ಲದಿದ್ದರೆ ಗಸಿ ತಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತೆ. ಆ ಮೆತ್ತಗಿನ ಬೆಣ್ಣೆಯನ್ನು ಎರಡೂ ಸಕ್ಕರೆಯ ಜೊತೆ ಮೂರು ನಿಮಿಷ ತಿರುಗಿಸಿದಳು. ಮಾಮೂಲಿ ಬೆಣ್ಣೆಯಷ್ಟು ಬೆಳ್ಳಗೆ, ಹಗುರಾಗಿ ಅದು ಆಗಲ್ಲ, ಆಗಬೇಕಾಗಿಯೂ ಇಲ್ಲ. ಮೊಟ್ಟೆ, ಹಳದಿ, ವೆನಿಲಾ ಮತ್ತು 32 ಗ್ರಾಂ ನೀರನ್ನು ಒಂದು ಲೋಟದಲ್ಲಿ ಕಲಕಿಕೊಂಡು, ಅದನ್ನು ನಾಲ್ಕು ಕಂತಿನಲ್ಲಿ ಹಾಕಿದಳು. ಒಂದೇ ಸಲ ಸುರಿದರೆ ಮೊಸರು ಒಡೆದ ಹಾಗೆ ಕಾಣುತ್ತೆ. ಒಡೆದರೂ ಮೈದಾ ಬಿದ್ದ ಮೇಲೆ ಕೂಡಿಕೊಳ್ಳುತ್ತೆ, ಗಾಬರಿ ಬೇಡ. ಆಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು, ಇನ್ನೊಮ್ಮೆ ತಿರುಗಿಸಿ, ಆಮೇಲೆ ಮೈದಾ. ಆ ಹತ್ತು ನಿಮಿಷ ಸಕ್ಕರೆ ಕರಗೋಕೆ.

ಹಿಟ್ಟು ಮೆತ್ತಗೆ, ಸ್ವಲ್ಪ ಅಂಟಂಟಾಗಿ ಬಂತು. ಹೆಬ್ಬೆರಳಿಂದ ಒತ್ತಿದರೆ ಗುಳಿ ಬಿತ್ತು, ಅಂಚು ಸೀಳಲಿಲ್ಲ, ಕೈಗೆ ಜಿಡ್ಡೂ ಹತ್ತಲಿಲ್ಲ. ಹಿಟ್ಟಿನ ಈ ಪರೀಕ್ಷೆ ಬಹಳ ಉಪಯೋಗದ್ದು. ಅಂಚು ಸೀಳಿದರೆ ನೀರು ಸಾಲದು, ಬೆರಳು ಹೊಳೆದರೆ ಕೊಬ್ಬು ಜಾಸ್ತಿ. ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟಳು. ಮರುದಿನ ಬೇಯಿಸಿದಾಗ 8.5 ಸೆಂಟಿಮೀಟರ್. ಮೂಲ ಕುಕಿಯ ಅಗಲವೇ! ಅಂಚು ಗರಿಗರಿ, ನಡುವೆ ಎಳೆದರೆ ಬಗ್ಗುವ ಹದ, ಕರಕರ ಇಲ್ಲ. ಅವಳು ಒಂದು ಕುಕಿ ಮುರಿದು ಕೊಡುತ್ತಾ, "ಅತ್ತಿಗೆ, ಈಗ ಇದು ನನ್ನ ಕುಕಿ" ಅಂದಳು.

ನೀರಿನ ಬದಲು ಹಾಲು ಹಾಕಬಹುದಾ ಅಂತ ಕೇಳಬಹುದು. ಹಾಕಬಹುದು. ಹಾಲಿನಲ್ಲಿ ನೀರು 87 ಶೇಕಡದ ಆಸುಪಾಸು, ಹಾಗಾಗಿ 32 ಗ್ರಾಂ ನೀರಿಗೆ ಸುಮಾರು 37 ಗ್ರಾಂ ಹಾಲು ಬೇಕು. ಕುಕಿ ಸ್ವಲ್ಪ ಜಾಸ್ತಿ ಕೆಂಪಾಗುತ್ತೆ. ರುಚಿಯಲ್ಲಿ ದೊಡ್ಡ ವ್ಯತ್ಯಾಸ ನನಗಂತೂ ಕಾಣಲಿಲ್ಲ.

ನಾಲ್ಕನೇ ಸಲ ಅವಳು ಘಮ ಇನ್ನೂ ಬೇಕು ಅಂತ ಒಂದು ದೊಡ್ಡ ಚಮಚ ಕೆನೆ ತೆಗೆದ ಹಾಲಿನ ಪುಡಿ ಸೇರಿಸಿದಳು. ಸುಮಾರು 8 ಗ್ರಾಂ. ಕೇಳೋಕೆ ಸಣ್ಣ ಅಳತೆ, ಆದರೆ ಬೆಣ್ಣೆಯಲ್ಲಿ ಮೊದಲೇ ಇದ್ದ ಹಾಲಿನ ಅಂಶ ಬರೀ 4 ಗ್ರಾಂ. ಒಟ್ಟು ಮೂರು ಪಟ್ಟಾಯಿತು! ಪುಡಿಯನ್ನು ಚಟಪಟ ಶಬ್ದ ನಿಂತ ಮೇಲೆ, ಉರಿ ಸಣ್ಣ ಮಾಡಿ ಹಾಕಬೇಕು. ಮೊದಲೇ ಹಾಕಿದರೆ ಗಂಟು ಕಟ್ಟಿ ತಳ ಹಿಡಿಯುತ್ತೆ. ಹಾಕಿದ ಮೇಲೆ ಕೈ ನಿಲ್ಲಿಸುವ ಹಾಗಿಲ್ಲ, ಬಹಳ ಬೇಗ ಬಣ್ಣ ತಿರುಗುತ್ತೆ. ಪಾತ್ರೆಯ ತೂಕದ ಲೆಕ್ಕದಲ್ಲಿ ಆ 8 ಗ್ರಾಂ ಕೂಡಿಸಿಕೊಳ್ಳೋದು ಮರೆಯಬಾರದು. ಘಮ ನಿಜವಾಗಲೂ ಎದ್ದು ಬಂತು. ಆದರೆ ಆ ಸಲ ಅವಳು ಕಡು ಚಾಕೊಲೇಟ್ 180 ಗ್ರಾಂ ಹಾಗೇ ಹಾಕಿದ್ದಳು, ಅದು ಘಮವನ್ನು ಅರ್ಧ ನುಂಗಿಬಿಟ್ಟಿತು. ಈಗ ಅವಳು ಚಾಕೊಲೇಟ್ 110 ಗ್ರಾಂಗೆ ಇಳಿಸಿದ್ದಾಳೆ. ನನಗೂ ಅದೇ ಸರಿ ಅನ್ನಿಸುತ್ತೆ.

ಬ್ಲಾಂಡಿಯಲ್ಲಿ ಲೆಕ್ಕ ಬೇರೆ

ಕುಕೀಸ್ ಸರಿಹೋದ ಖುಷಿಯಲ್ಲಿ ಅದೇ ನಿಯಮವನ್ನು ಬ್ಲಾಂಡಿಗೂ ಹಾಕಿದೆವು. ಅದು ಪೂರ್ತಿ ಕೂಡಿಬರಲಿಲ್ಲ.

ಅವಳ ಬ್ಲಾಂಡಿ 20 ಸೆಂಟಿಮೀಟರ್‌ನ ಚೌಕ ಟಿನ್ನಿಗೆ. ಬೆಣ್ಣೆ 150 ಗ್ರಾಂ, ಬ್ರೌನ್ ಶುಗರ್ 220, ಎರಡು ಮೊಟ್ಟೆ, ಮೈದಾ 180, ಉಪ್ಪು, ವೆನಿಲಾ, ಬಿಳಿ ಚಾಕೊಲೇಟ್ 120. ಬೆಣ್ಣೆ ಕಾಯಿಸಿದಾಗ ಹೋದದ್ದು 24 ಗ್ರಾಂ. ಆದರೆ ಇಲ್ಲಿ ಎರಡು ಮೊಟ್ಟೆಯಿಂದಲೇ 76 ಗ್ರಾಂ ನೀರು ಬರುತ್ತೆ. ಒಟ್ಟು 100ರಲ್ಲಿ 24 ಹೋಯಿತು, ಅಂದರೆ ಕಾಲು ಭಾಗ. ಕುಕಿಯಲ್ಲಿ ಹೋದದ್ದು ನಲವತ್ತು ಪಾಲು. ಮೈದಾ ಕೂಡ ಇಲ್ಲಿ ಕಡಿಮೆ.

ನೀರು ಕೊಡದೆ ಮಾಡಿದ ಮೊದಲ ಬ್ಲಾಂಡಿ ಒತ್ತಾಗಿ, ಫಜ್ ಥರ ಬಂತು. ನಡುಭಾಗ ನಿಜಕ್ಕೂ ರುಚಿಯಾಗಿತ್ತು. ಆದರೆ ಅಂಚಿನ ಎರಡು ಬೆರಳು ಗಟ್ಟಿಯಾಗಿ ಒಣಗಿತ್ತು, ತಳದಲ್ಲಿ ಜಿಡ್ಡಿನ ಪದರ ಇತ್ತು. ಮೇಲೆ ಬರುವ ಆ ತೆಳ್ಳಗಿನ ಹೊಳೆಯುವ ಬಿರುಕಿನ ಪದರ ಬರಲೇ ಇಲ್ಲ. ಆ ಪದರ ಬರಬೇಕಾದರೆ ಸಕ್ಕರೆ ಮೊಟ್ಟೆಯ ನೀರಿನಲ್ಲಿ ಚೆನ್ನಾಗಿ ಕರಗಿರಬೇಕು. ಎರಡನೇ ಸಲ ಪೂರ್ತಿ 24 ಗ್ರಾಂ ನೀರು ಕೊಟ್ಟೆವು. ಮೇಲ್ಪದರ ಚೆನ್ನಾಗಿ ಬಂತು, ಅಂಚೂ ಮೆತ್ತಗೆ. ಆದರೆ ನಡುಭಾಗ ಬೇಯೋಕೆ ನಾಲ್ಕು ನಿಮಿಷ ಜಾಸ್ತಿ ಹಿಡಿಯಿತು. ಆರಿದ ಮೇಲೆ ತಿಂದರೆ ಸ್ವಲ್ಪ ಕೇಕಿನ ಕಡೆ ವಾಲಿತ್ತು. ಕಾಯಿಸದ ಬೆಣ್ಣೆಯಲ್ಲಿ ಮಾಡುತ್ತಿದ್ದ ಬ್ಲಾಂಡಿಯೂ ಹೀಗೇ ಇತ್ತು, ನಾವು ಗಮನಿಸಿರಲಿಲ್ಲ ಅಷ್ಟೇ. ಫಜ್ ಥರದ ನಡುಭಾಗ ಒಮ್ಮೆ ತಿಂದ ಮೇಲೆ ಅದೇ ಬೇಕು ಅನ್ನಿಸಿತು.

ಮೂರನೇ ಸಲ 14 ಗ್ರಾಂ ಕೊಟ್ಟೆವು. ಬೆಣ್ಣೆ ಇನ್ನೂ ಬೆಚ್ಚಗಿರುವಾಗಲೇ ಸಕ್ಕರೆ ಮತ್ತು ನೀರು ಹಾಕಿ ಕಲಕಿ, ಐದು ನಿಮಿಷ ಬಿಟ್ಟು, ಆಮೇಲೆ ಮೊಟ್ಟೆ ಹಾಕಿ ಎರಡು ನಿಮಿಷ ಜೋರಾಗಿ ತಿರುಗಿಸಿದೆವು. ಬೆಣ್ಣೆ ಬೆಚ್ಚಗಿರಬೇಕೇ ಹೊರತು ಬಿಸಿ ಇರಬಾರದು, ಇಲ್ಲದಿದ್ದರೆ ಮೊಟ್ಟೆ ಬೆಂದು ದಾರ ದಾರ ಆಗುತ್ತೆ. ಮೇಲೆ ತೆಳ್ಳಗಿನ ಪದರ ಬಂತು, ನಡುವೆ ಒತ್ತಾಗಿಯೂ ಇತ್ತು, ತಳದ ಜಿಡ್ಡು ಹೋಗಿತ್ತು. ಬಿಳಿ ಚಾಕೊಲೇಟ್ ಘಮವನ್ನು ಮುಚ್ಚಲ್ಲ, ಅದಕ್ಕೇ ಬ್ರೌನ್ ಬಟರ್‌ಗೆ ಕುಕಿಗಿಂತ ಬ್ಲಾಂಡಿಯೇ ಹೆಚ್ಚು ಹೊಂದುತ್ತೆ ಅಂತ ನನ್ನ ಅನಿಸಿಕೆ.

ಹಾಗಾಗಿ ಹೋದ ನೀರನ್ನು ಪೂರ್ತಿ ಕೊಡಬೇಕೋ ಅರ್ಧ ಕೊಡಬೇಕೋ ಅನ್ನೋದು ಪಾಕದಲ್ಲಿ ಬೇರೆ ನೀರು ಎಷ್ಟಿದೆ, ನಿಮಗೆ ಯಾವ ಹದ ಬೇಕು ಅನ್ನೋದರ ಮೇಲೆ ನಿಂತಿದೆ. ಮೊಟ್ಟೆಯೇ ಇಲ್ಲದ ಶಾರ್ಟ್‌ಬ್ರೆಡ್‌ನಲ್ಲಿ ಮರಳು ಮರಳಾಗಿ ಮುರಿಯುವ ಗುಣವೇ ಬೇಕಾಗಿರೋದು. ಅಲ್ಲಿ ಹಿಟ್ಟು ಕೂಡಿಕೊಳ್ಳುವಷ್ಟು ಒಂದೆರಡು ಚಮಚ ನೀರು ಸಾಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಗಡುಸಾಗುತ್ತೆ.

ಈಗ ನಾದಿನಿ ಪಾತ್ರೆಯ ಹಿಡಿಯ ಮೇಲೆ ಒಂದು ಚೂರು ಟೇಪ್ ಅಂಟಿಸಿ "640" ಅಂತ ಬರೆದಿಟ್ಟಿದ್ದಾಳೆ. ಬೆಣ್ಣೆ ಎಷ್ಟೇ ಹಾಕಲಿ, ಕಾಯಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ ತೂಗಿ, ಎರಡರ ವ್ಯತ್ಯಾಸವನ್ನು ಪಾಕದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾಳೆ. ಹೋದ ವಾರ ಬೇರೆ ಬೆಣ್ಣೆ ತಂದಿದ್ದಳು. 200 ಗ್ರಾಂಗೆ 35 ಹೋಗಿತ್ತು. ಅವಳು 35 ಗ್ರಾಂ ನೀರು ಅಳೆದು ಮೊಟ್ಟೆಯ ಲೋಟಕ್ಕೆ ಹಾಕಿದಳು.